ಪರಿಚಯವಿಲ್ಲದವರಿಗೆ ಬರೆಯುವ ಮೇಲ್ ನೋಡಲು ಹೇಗಿರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸ ಕೇಳಿಕೊಂಡೋ, ಸಹಾಯ ಕೇಳಿಕೊಂಡೋ ಪರಿಚಯವಿಲ್ಲದವರಿಗೆ ಬರೆಯುವ ಮೊದಲ ಮೇಲ್‌ಗೆ ಔಟ್‌ರೀಚ್ ಮೇಲ್ ಅಂತಾರೆ. ನಾನು ವಿಡಿಯೋಗಳಿಗೆ ಸಬ್‌ಟೈಟಲ್ ಮಾಡುವವನು. ನನಗೆ ಹೊಸ ಕೆಲಸ ಸಿಗುವುದು ಹೆಚ್ಚಾಗಿ ಇಂಥ ಮೇಲ್‌ಗಳಿಂದಲೇ. ಅದರಲ್ಲಿ ಏನು ಬರೆಯಬೇಕು ಎಂಬುದು ಬೇರೆ ಮಾತು. ಬರೆದದ್ದು ಓದುವವರ ಪರದೆಯ ಮೇಲೆ ಹೇಗೆ ಕೂರುತ್ತದೆ ಎಂಬುದರ ಬಗ್ಗೆ ಜನ ನನ್ನನ್ನು ಕೇಳುವ ಪ್ರಶ್ನೆಗಳು ಇಲ್ಲಿವೆ.

ಪ್ಲೇನ್ ಟೆಕ್ಸ್ಟ್ ಅಂದರೆ ಬೋಲ್ಡ್, ಬಣ್ಣ ಹಾಕದೆ ಬರೆಯುವುದು ತಾನೆ?

ಅಷ್ಟೇ ಅಲ್ಲ. ನೋಡಲು ಒಂದೇ ಥರ ಕಾಣುವ ಎರಡು ಬಗೆಯ ಮೇಲ್‌ಗಳಿವೆ.

ಮೊದಲನೆಯದು ನಿಜವಾದ ಪ್ಲೇನ್ ಟೆಕ್ಸ್ಟ್. ಅದರಲ್ಲಿ ಅಕ್ಷರ, ಖಾಲಿ ಜಾಗ, ಹೊಸ ಸಾಲು ಬಿಟ್ಟರೆ ಇನ್ನೇನೂ ಇರುವುದಿಲ್ಲ. ಫಾಂಟ್ ಯಾವುದು, ಎಷ್ಟು ದೊಡ್ಡದು ಎಂಬುದೆಲ್ಲ ಓದುವವರ ಮೇಲ್ ಆ್ಯಪ್‌ಗೆ ಬಿಟ್ಟದ್ದು.

ಎರಡನೆಯದು ಸರಳವಾಗಿ ಕಾಣುವ ಎಚ್‌ಟಿಎಂಎಲ್. ನಾವು ದಿನಾ ಜಿಮೇಲ್ ತೆರೆದು ಟೈಪ್ ಮಾಡಿ ಕಳಿಸುವುದು ಇದೇ. ಅಲಂಕಾರ ಏನೂ ಮಾಡದಿದ್ದರೂ ಒಳಗೆ ವೆಬ್ ಪುಟದ ಹಾಗೆ ಟ್ಯಾಗ್‌ಗಳಿರುತ್ತವೆ. ಜೊತೆಗೆ ಅದೇ ಮಾತಿನ ಒಂದು ಪ್ಲೇನ್ ಟೆಕ್ಸ್ಟ್ ಪ್ರತಿಯೂ ತಾನಾಗಿ ಹೋಗುತ್ತದೆ.

ಯಾವುದು ಹೋಗಿದೆ ಎಂದು ತಿಳಿಯಲು ಜಿಮೇಲ್‌ನಲ್ಲಿ ಕಳಿಸಿದ ಮೇಲ್ ತೆರೆದು, ಮೂರು ಚುಕ್ಕೆ ಒತ್ತಿ, `Show original` ಆರಿಸಿ. ಬರೀ ಪ್ಲೇನ್ ಟೆಕ್ಸ್ಟ್ ಆಗಿದ್ದರೆ ಮೊದಲನೇ ಸಾಲು ಕಾಣುತ್ತದೆ, ಎರಡೂ ಸೇರಿ ಹೋಗಿದ್ದರೆ ಎರಡನೇದು:

```
Content-Type: text/plain; charset="UTF-8"
Content-Type: multipart/alternative; boundary=...
```

ಹಾಗಾದರೆ ಎರಡರಲ್ಲಿ ಯಾವುದನ್ನು ಕಳಿಸಬೇಕು?

ಶುದ್ಧ ಪ್ಲೇನ್ ಟೆಕ್ಸ್ಟೇ ಒಳ್ಳೆಯದು ಅಂತ ಹೇಳುವವರು ಬಹಳ. ನಾನು ಒಂದು ವರ್ಷ ಹಾಗೇ ಕಳಿಸಿದೆ. ಈಗ ಎರಡನೆಯದನ್ನೇ, ಅಂದರೆ ಅಲಂಕಾರವಿಲ್ಲದ ಎಚ್‌ಟಿಎಂಎಲ್ ಕಳಿಸುತ್ತೇನೆ. ಕಾರಣ ಸಾಲು ಮುರಿಯುವ ಕಾಟ.

ಇಮೇಲ್ ಹೇಗಿರಬೇಕೆಂದು ಹೇಳುವ `RFC 5322` ಎಂಬ ನಿಯಮದಲ್ಲಿ ಒಂದು ಸಾಲು 78 ಅಕ್ಷರ ಮೀರದಿದ್ದರೆ ಒಳ್ಳೆಯದು ಎಂಬ ಸಲಹೆ ಇದೆ. 998 ಅಂತೂ ಮೀರಲೇಬಾರದು. ಕಿರಿದಾದ ಪರದೆಗಳ ಕಾಲದಿಂದ ಬಂದ ರೂಢಿ ಅದು. ಜಿಮೇಲ್‌ನ `Plain text mode` ಈ ರೂಢಿ ಪಾಲಿಸುತ್ತದೆ. ನೀವು ಎಂಟರ್ ಒತ್ತದಿದ್ದರೂ ಅದೇ ಉದ್ದದ ಆಸುಪಾಸಿನಲ್ಲಿ ಸಾಲನ್ನು ಮುರಿದುಬಿಡುತ್ತದೆ. ಕಂಪ್ಯೂಟರಿನಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ಫೋನಿನಲ್ಲಿ ಅಷ್ಟು ಉದ್ದದ ಸಾಲು ಹಿಡಿಸುವುದಿಲ್ಲ. ಆಗ ಫೋನ್ ಒಂದು ಕಡೆ ಮುರಿಯುತ್ತದೆ, ಮೊದಲೇ ಮುರಿದದ್ದು ಇನ್ನೊಂದು ಕಡೆ. ಓದುವವರಿಗೆ ಕಾಣುವುದು ಹೀಗೆ:

```
ನಿಮ್ಮ ತರಬೇತಿ ವಿಡಿಯೋಗಳನ್ನು ನೋಡಿದೆ.
ಅವುಗಳಲ್ಲಿ ಮೂರಕ್ಕೆ
ಸಬ್‌ಟೈಟಲ್ ಇಲ್ಲ. ಏಳನೆಯ ವಿಡಿಯೋದಲ್ಲಿ
ಯಂತ್ರದ ಸದ್ದಿಗೆ
ಮಾತು ಸರಿಯಾಗಿ ಕೇಳಿಸುವುದಿಲ್ಲ.
```

ಒಂದು ಪೂರ್ತಿ ಸಾಲು, ಒಂದು ತುಂಡು ಸಾಲು, ಮತ್ತೆ ಪೂರ್ತಿ, ಮತ್ತೆ ತುಂಡು. ಬೇಲಿಯ ಗೂಟಗಳ ಹಾಗೆ. ಓದುವವರಿಗೆ ಇದು ಯಾವುದೋ ಯಂತ್ರ ಕಳಿಸಿದ್ದು ಅನ್ನಿಸುತ್ತದೆ. ಮನುಷ್ಯ ಬರೆದ ಹಾಗೆ ಕಾಣಲಿ ಅಂತ ಪ್ಲೇನ್ ಟೆಕ್ಸ್ಟ್ ಆರಿಸಿಕೊಂಡರೆ ಆಗುವುದು ತಿರುಗುಮುರುಗು! ಇದಕ್ಕೆ `format=flowed` ಎಂಬ ಪರಿಹಾರ ಇದೆ. ಸಾಲಿನ ಕೊನೆಯಲ್ಲಿ ಒಂದು ಖಾಲಿ ಜಾಗ ಬಿಟ್ಟು, ಇದನ್ನು ಮತ್ತೆ ಜೋಡಿಸಿಕೋ ಎಂದು ಓದುವ ಆ್ಯಪ್‌ಗೆ ಹೇಳುವ ವಿಧಾನ. ಆದರೆ ಅದು ಕಳಿಸುವ ಕಡೆಯೂ ಓದುವ ಕಡೆಯೂ ಇರಬೇಕು. ಎಲ್ಲ ಆ್ಯಪ್‌ಗಳಲ್ಲಿ ಇಲ್ಲ.

ಹಾಗಂತ ಶುದ್ಧ ಪ್ಲೇನ್ ಟೆಕ್ಸ್ಟ್‌ಗೆ ಜಾಗವೇ ಇಲ್ಲ ಅಂತಲ್ಲ. ತಾಂತ್ರಿಕ ಮೇಲಿಂಗ್ ಲಿಸ್ಟ್‌ಗಳಲ್ಲಿ ಇರುವವರಿಗೆ, ಎಚ್‌ಟಿಎಂಎಲ್ ಮೇಲ್ ಕಂಡರೆ ಸಿಡುಕುವ ಪ್ರೋಗ್ರಾಮರ್‌ಗಳಿಗೆ ಅದನ್ನೇ ಕಳಿಸಿ. ಅವರು ಓದುವುದು ಹೆಚ್ಚಾಗಿ ಕಂಪ್ಯೂಟರಿನಲ್ಲಿ.

ಪ್ಯಾರಾ ಎಷ್ಟು ಚಿಕ್ಕದಾಗಿರಬೇಕು?

ಒಂದರಿಂದ ಮೂರು ವಾಕ್ಯ. ಆದರೆ ಈ ಲೆಕ್ಕಕ್ಕಿಂತ ಫೋನಿನ ಪರದೆ ನೋಡಿ ಅಳೆಯುವುದು ಮೇಲು. ದೊಡ್ಡ ಪರದೆಯ ಮೇಲೆ ಎರಡು ಸಾಲು ಇದ್ದದ್ದು ಫೋನಿನಲ್ಲಿ ಐದು ಸಾಲಾಗುತ್ತದೆ. ಅಲ್ಲಿ ಐದು ದಾಟಿದರೆ ನಾನು ಎರಡು ಪ್ಯಾರಾ ಮಾಡುತ್ತೇನೆ.

ಎಲ್ಲಿ ಒಡೆಯಬೇಕು ಎಂಬುದಕ್ಕೂ ಒಂದು ಲೆಕ್ಕ ಇದೆ. ನನ್ನ ಮೇಲ್‌ನಲ್ಲಿ ಪ್ರತಿ ಪ್ಯಾರಾಕ್ಕೆ ಒಂದೇ ಕೆಲಸ: ಏನು ನೋಡಿದೆ, ಅದರಿಂದ ಏನು ತೊಂದರೆ, ನಾನು ಯಾರು, ನಿಮ್ಮಿಂದ ಏನು ಬೇಕು. ಕೆಲಸ ಬದಲಾದ ಕಡೆ ಪ್ಯಾರಾ ಮುಗಿಯುತ್ತದೆ. ನಡುವೆ ಒಂದು ಖಾಲಿ ಸಾಲು, ಎರಡಲ್ಲ.

ಇಲ್ಲಿ ಇನ್ನೊಂದು ತುದಿಗೆ ಹೋಗುವವರೂ ಇದ್ದಾರೆ. ಪ್ರತಿ ವಾಕ್ಯಕ್ಕೂ ಒಂದು ಪ್ಯಾರಾ. ಐದಾರು ಒಂಟಿ ವಾಕ್ಯಗಳು ಒಂದರ ಕೆಳಗೊಂದು ನಿಂತರೆ ಅದು ಮಾರಾಟದ ಕರಪತ್ರದ ದನಿ. ಒಂದಕ್ಕೊಂದು ಅಂಟಿಕೊಂಡ ಎರಡು ವಾಕ್ಯಗಳನ್ನು ಬೇರೆ ಮಾಡಬೇಡಿ.

ಖಾಲಿ ಸಾಲಿನ ಬಗ್ಗೆ ಒಂದು ಎಚ್ಚರ. ಕೆಲವು ಕಳಿಸುವ ಸಾಧನಗಳಲ್ಲಿ ಎಂಟರ್ ಒಮ್ಮೆ ಒತ್ತಿದರೇ ಹೊಸ ಪ್ಯಾರಾ ಆಗಿ ನಡುವೆ ಜಾಗ ಬರುತ್ತದೆ. ಅಲ್ಲಿ ಎರಡು ಸಲ ಒತ್ತಿದರೆ ಅಂತರ ದುಪ್ಪಟ್ಟು, ಮೇಲ್ ಹಲ್ಲುದುರಿದ ಬಾಯಿಯ ಹಾಗೆ ಕಾಣುತ್ತದೆ. ಜಿಮೇಲ್‌ನಲ್ಲಿ ಎಂಟರ್ ಒಮ್ಮೆ ಒತ್ತಿದರೆ ಬರೀ ಮುಂದಿನ ಸಾಲು, ಎರಡು ಸಲ ಒತ್ತಿದರೆ ಖಾಲಿ ಸಾಲು. ಹಾಗಾಗಿ ಒಂದು ಕಡೆ ಬರೆದದ್ದನ್ನು ಇನ್ನೊಂದು ಕಡೆ ಹಾಕಿದಾಗ ಅಂತರ ನೋಡಿಕೊಳ್ಳಿ.

ಒಂದು ಪೂರ್ತಿ ಉದಾಹರಣೆ ಕೊಡಿ.

ನನ್ನದೇ ಹಳೆಯ ಮೇಲ್ ಒಂದಿದೆ. ತರಬೇತಿ ವಿಡಿಯೋ ಮಾಡಿಸುವ ಒಬ್ಬರಿಗೆ ಬರೆದದ್ದು. ಮೇಲೆ ಲೋಗೋ. ಕೆಳಗೆ ನನ್ನ ಅನುಭವದ ಬಗ್ಗೆ ಒಂಬತ್ತು ಸಾಲಿನ ಒಂದೇ ಪ್ಯಾರಾ, ಅದರಲ್ಲಿ ನಾಲ್ಕು ಕಡೆ ಬೋಲ್ಡ್. ಆಮೇಲೆ ಐದು ಬುಲೆಟ್: ವೇಗ, ಗುಣಮಟ್ಟ, ಅನುಭವ, ಕಡಿಮೆ ದರ, ಸಮಯಪಾಲನೆ. ಅವರ ಏಳನೇ ವಿಡಿಯೋದಲ್ಲಿ ಏನು ತೊಂದರೆ ಇದೆ ಎಂಬ ಒಂದೇ ಒಂದು ಕೆಲಸದ ಮಾತು ಆ ದೊಡ್ಡ ಪ್ಯಾರಾದ ಏಳನೇ ಸಾಲಿನಲ್ಲಿ ಹೂತುಹೋಗಿತ್ತು. ಉತ್ತರ ಬರಲಿಲ್ಲ. ಬರುವ ಹಾಗೂ ಇರಲಿಲ್ಲ ಬಿಡಿ.

ಅದೇ ವಿಷಯವನ್ನು ಈಗ ಬರೆದರೆ ಹೀಗೆ:

```
ವಿಷಯ: ಸುರಕ್ಷತಾ ತರಬೇತಿಯ 7ನೇ ವಿಡಿಯೋ

ನಮಸ್ಕಾರ ಮೇಡಂ,

ನಿಮ್ಮ ಸುರಕ್ಷತಾ ತರಬೇತಿಯ ಹತ್ತೂ ವಿಡಿಯೋ ನೋಡಿದೆ.
4, 7 ಮತ್ತು 9ನೆಯದಕ್ಕೆ ಸಬ್‌ಟೈಟಲ್ ಇಲ್ಲ.

7ನೆಯದರಲ್ಲಿ ಯಂತ್ರದ ಸದ್ದಿಗೆ ಮಾತು ಮುಚ್ಚಿಹೋಗುತ್ತದೆ.
ಸ್ವಿಚ್ ಆಫ್ ಮಾಡುವ ಕ್ರಮ ಹೇಳುವ ಜಾಗ ನನಗೆ ಮೂರು ಸಲ
ಕೇಳಿದ ಮೇಲೆ ಅರ್ಥವಾಯಿತು.

ನಾನು ತರಬೇತಿ ವಿಡಿಯೋಗಳಿಗೆ ಸಬ್‌ಟೈಟಲ್ ಮಾಡುತ್ತೇನೆ.
ಈ ಮೂರೂ ಸೇರಿ ನಾಲ್ಕು ದಿನದ ಕೆಲಸ.

7ನೆಯದರ ಮೊದಲ ಮೂರು ನಿಮಿಷಕ್ಕೆ ಮಾಡಿ ಕಳಿಸಲೇ?
```

ಇಲ್ಲಿ ನಾಲ್ಕು ಪ್ಯಾರಾ ಇವೆ. ಬೋಲ್ಡ್ ಇಲ್ಲ, ಬುಲೆಟ್ ಇಲ್ಲ, ಚಿತ್ರ ಇಲ್ಲ. 4, 7, 9 ಎಂಬುದನ್ನು ಬುಲೆಟ್ ಮಾಡಬಹುದಿತ್ತು. ಆದರೆ ಮೂರು ಅಂಕಿಗೆ ಮೂರು ಸಾಲು ಸುಮ್ನೆ ದಂಡ. ಪ್ರಶ್ನೆ ಕೊನೆಯಲ್ಲಿ ಒಂಟಿಯಾಗಿ ನಿಂತಿದೆ, ಅದರ ಸುತ್ತ ಖಾಲಿ ಜಾಗ ಇದೆ. ಅದಕ್ಕೆ ಬೋಲ್ಡ್ ಬೇಕಿಲ್ಲ. ಮೊದಲ ಸಾಲೂ ಗಮನಿಸಿ. ಇನ್‌ಬಾಕ್ಸಿನಲ್ಲಿ ವಿಷಯದ ಪಕ್ಕದಲ್ಲೋ ಕೆಳಗೋ ಮೇಲ್‌ನ ಮೊದಲ ಕೆಲವು ಪದಗಳು ಕಾಣುತ್ತವೆ. ಅಲ್ಲಿ "ನಿಮ್ಮ ಸುರಕ್ಷತಾ ತರಬೇತಿಯ" ಎಂದು ಕಂಡರೆ ತೆರೆಯುವುದಕ್ಕೆ ಕಾರಣ ಸಿಗುತ್ತದೆ.

(ಮೇಲಿನ ಚೌಕದಲ್ಲಿ ಸಾಲುಗಳು ಮುರಿದಿರುವುದು ಇಲ್ಲಿ ಹಿಡಿಸಲಿ ಅಂತ. ಮೇಲ್‌ನಲ್ಲಿ ಪ್ಯಾರಾ ಮುಗಿಯುವವರೆಗೂ ಎಂಟರ್ ಒತ್ತಬೇಡಿ.)

ಬುಲೆಟ್ ಹಾಕಲೇಬಾರದಾ?

ಹಾಕಬಹುದು. ಓದುವವರು ಅವುಗಳಲ್ಲಿ ಒಂದನ್ನು ಆರಿಸಬೇಕಾಗಿದ್ದರೆ, ಅಥವಾ ಒಂದೊಂದನ್ನೂ ಬೇರೆ ಬೇರೆಯಾಗಿ ಪರಿಶೀಲಿಸಬೇಕಾಗಿದ್ದರೆ ಹಾಕಿ. ಮಾತಾಡಲು ಮೂರು ಸಮಯ ಕೊಡುತ್ತಿದ್ದೀರಿ ಅಂದುಕೊಳ್ಳಿ. ವಾಕ್ಯದೊಳಗೆ ತುರುಕಿದರೆ ಹುಡುಕಬೇಕಾಗುತ್ತದೆ. ಒಂದರ ಕೆಳಗೊಂದು ಬರೆದರೆ ಸುಲಭ. ಇಂಥ ಕಡೆ ನಾನು ಬುಲೆಟ್ ಬದಲು ಅಂಕಿ ಹಾಕುತ್ತೇನೆ. ಅವರು ಸುಮ್ನೆ "2" ಅಂತ ಟೈಪ್ ಮಾಡಿ ಉತ್ತರ ಕಳಿಸಬಹುದು. ಕಳಿಸಿಯೂ ಇದ್ದಾರೆ.

ನಮ್ಮ ಗುಣಗಾನಕ್ಕೆ ಬುಲೆಟ್ ಬೇಡ. "ವೇಗ, ಗುಣಮಟ್ಟ, ಅನುಭವ" ಎಂದು ಪಟ್ಟಿ ಮಾಡಿದ ಕೂಡಲೇ ಅದು ಕರಪತ್ರ. ಒಂದು ಮೇಲ್‌ನಲ್ಲಿ ಒಂದೇ ಪಟ್ಟಿ, ಅದರಲ್ಲಿ ಮೂರು, ಹೆಚ್ಚೆಂದರೆ ನಾಲ್ಕು ಸಾಲು. ಪ್ರತಿ ಸಾಲೂ ಫೋನಿನಲ್ಲಿ ಒಂದೇ ಸಾಲಿಗೆ ಮುಗಿಯಬೇಕು. ಮೂರು ಸಾಲಿನ ಬುಲೆಟ್ ಅಂದರೆ ಅದು ವೇಷ ಹಾಕಿದ ಪ್ಯಾರಾ.

ಟೈಪ್ ಮಾಡುವಾಗ ಪಟ್ಟಿಯ ಬಟನ್ ಒತ್ತದೆ ಒಂದು ಅಡ್ಡಗೆರೆ, ಒಂದು ಖಾಲಿ ಜಾಗ ಹಾಕಿ ಬರೆದರೆ ಸಾಕು. ಎಲ್ಲಾ ಆ್ಯಪ್‌ನಲ್ಲೂ ಹಾಗೇ ಕಾಣುತ್ತದೆ.

ಮುಖ್ಯವಾದ ಮಾತಿಗಾದರೂ ಬೋಲ್ಡ್ ಬೇಡವೇ?

ಕೊನೆಯ ದಿನಾಂಕದಂಥ, ತಪ್ಪಿದರೆ ನಷ್ಟವಾಗುವ ಒಂದು ವಿಷಯಕ್ಕೆ ಹಾಕಿದರೆ ಅಪರಾಧವೇನಲ್ಲ. ಆದರೆ ಪರಿಚಯವಿಲ್ಲದವರಿಗೆ ಬರೆಯುವ ಮೊದಲ ಮೇಲ್‌ನಲ್ಲಿ ಅಂಥದ್ದು ಇರುವುದೇ ಅಪರೂಪ. ಒತ್ತು ಕೊಡಬೇಕಾದ ವಾಕ್ಯವನ್ನು ಪ್ಯಾರಾದ ಮೊದಲಿಗೆ ತನ್ನಿ, ಅಥವಾ ಅದಕ್ಕೇ ಒಂದು ಪ್ಯಾರಾ ಕೊಡಿ. ಆಗಲೂ ಕಣ್ಣಿಗೆ ಬೀಳದಿದ್ದರೆ ಉಳಿದ ಮಾತು ಜಾಸ್ತಿಯಾಗಿದೆ ಎಂದರ್ಥ.

ಇನ್ನೊಂದು ಕಾರಣ ಪರದೆಯ ಹಿಂದೆ ಇದೆ. ಜಿಮೇಲ್ ತಾನಾಗಿ ತಯಾರಿಸುವ ಪ್ಲೇನ್ ಟೆಕ್ಸ್ಟ್ ಪ್ರತಿಯಲ್ಲಿ ಬೋಲ್ಡ್ ಪದಗಳ ಎರಡೂ ಕಡೆ ನಕ್ಷತ್ರ ಬರುತ್ತದೆ: `*ಉಚಿತ*`, `*ಈ ವಾರ ಮಾತ್ರ*`. ಆ ಪ್ರತಿಯನ್ನೇ ಓದುವವರಿಗೆ ನಾಲ್ಕು ಬೋಲ್ಡ್ ಅಂದರೆ ಎಂಟು ನಕ್ಷತ್ರ.

ಇಂಗ್ಲಿಷಿನಲ್ಲಿ ಬರೆಯುವವರು ದಪ್ಪ ಅಕ್ಷರದಂತೆ ಕಾಣುವ ಯೂನಿಕೋಡ್ ಚಿಹ್ನೆಗಳನ್ನು ಎಲ್ಲಿಂದಲೋ ತಂದು ಅಂಟಿಸುವುದುಂಟು. ಅವು ಗಣಿತಕ್ಕೆಂದು ಇರುವ ಚಿಹ್ನೆಗಳು. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಅವನ್ನು ಪದವಾಗಿ ಓದದೇ ಇರಬಹುದು. ಕನ್ನಡಕ್ಕೆ ಅಂಥದ್ದೇ ಇಲ್ಲ, ಒಳ್ಳೆಯದೇ ಆಯಿತು.

ಲೋಗೋ ಅಥವಾ ಕೆಲಸದ ಮಾದರಿಯ ಚಿತ್ರ ಹಾಕಬಹುದಾ?

ಮೊದಲ ಮೇಲ್‌ನಲ್ಲಿ ಬೇಡ. ಔಟ್‌ಲುಕ್‌ನಂಥ ಆ್ಯಪ್‌ಗಳು ಅಪರಿಚಿತರು ಕಳಿಸಿದ ಚಿತ್ರವನ್ನು ಕೇಳದೆ ತೋರಿಸುವುದಿಲ್ಲ. ನಿಮ್ಮ ಲೋಗೋ ಇರಬೇಕಾದ ಕಡೆ ಖಾಲಿ ಚೌಕ ಇರುತ್ತದೆ. ಮೇಲ್‌ನೊಳಗೇ ಸೇರಿಸಿ ಕಳಿಸಿದರೆ ಕೆಲವು ಕಡೆ ಅದು ಅಟ್ಯಾಚ್‌ಮೆಂಟ್ ಆಗಿ ಪೇಪರ್ ಕ್ಲಿಪ್ ಚಿಹ್ನೆಯೊಂದಿಗೆ ಕಾಣುತ್ತದೆ. ಗೊತ್ತಿಲ್ಲದವರು ಏನೋ ಫೈಲ್ ಕಳಿಸಿದ್ದಾರೆ ಅಂದರೆ ಯಾರಿಗೂ ಅನುಮಾನವೇ, ಅಲ್ವಾ? ಮಾದರಿ ಇದೆ ಎಂದು ಒಂದು ವಾಕ್ಯದಲ್ಲಿ ಹೇಳಿ. ಕೇಳಿದ ಮೇಲೆ ಕಳಿಸಿ.

ಚಿತ್ರವೇ ಇಲ್ಲದಿದ್ದರೆ ಅವರು ತೆರೆದರೋ ಇಲ್ಲವೋ ಹೇಗೆ ತಿಳಿಯುವುದು?

ತಿಳಿಯುವುದಿಲ್ಲ. ತೆರೆದದ್ದನ್ನು ಎಣಿಸುವ ಸಾಧನಗಳು ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರವನ್ನು ಮೇಲ್‌ನಲ್ಲಿ ಅಡಗಿಸುತ್ತವೆ. ಶುದ್ಧ ಪ್ಲೇನ್ ಟೆಕ್ಸ್ಟ್‌ನಲ್ಲಿ ಅದಕ್ಕೆ ಜಾಗವಿಲ್ಲ. ಆ ಎಣಿಕೆಯನ್ನು ನಂಬುವ ಹಾಗೂ ಇಲ್ಲ. 2021ರಲ್ಲಿ ಆ್ಯಪಲ್ ತನ್ನ ಮೇಲ್ ಆ್ಯಪ್‌ಗೆ `Mail Privacy Protection` ತಂದ ಮೇಲೆ, ಅದನ್ನು ಬಳಸುವವರ ಮೇಲ್‌ಗಳಲ್ಲಿನ ಚಿತ್ರಗಳು ಅವರು ತೆರೆಯದಿದ್ದರೂ ಮುಂಚೆಯೇ ಇಳಿದಿರುತ್ತವೆ. ಲೆಕ್ಕದಲ್ಲಿ ಅದು "ತೆರೆದರು" ಎಂದು ಸೇರುತ್ತದೆ. ನಾನು ಎಣಿಸುವುದು ಉತ್ತರಗಳನ್ನು ಮಾತ್ರ.

ಲಿಂಕ್ ಹೇಗೆ ಕೊಡುವುದು?

ಒಂದೇ ಲಿಂಕ್, ಪೂರ್ತಿ ವಿಳಾಸ ಕಾಣುವ ಹಾಗೆ, ತನ್ನದೇ ಸಾಲಿನಲ್ಲಿ. ವಾಕ್ಯದ ಕೊನೆಯಲ್ಲಿ ಹಾಕಿ ಪೂರ್ಣವಿರಾಮ ಅಂಟಿಸಿದರೆ ಕೆಲವು ಕಡೆ ಆ ಚುಕ್ಕಿಯೂ ವಿಳಾಸದೊಳಗೆ ಸೇರಿ ಲಿಂಕ್ ಕೆಡುತ್ತದೆ. "ಇಲ್ಲಿ ಒತ್ತಿ" ಎಂದು ಬರೆದು ವಿಳಾಸ ಮುಚ್ಚಿಡಬೇಡಿ. ಮೋಸದ ಮೇಲ್‌ಗಳು ಮಾಡುವುದೂ ಅದನ್ನೇ. ಕ್ಲಿಕ್ ಎಣಿಸುವ ಸಾಧನ ಬಳಸಿದರೆ ಹೊರಗೆ ಒಂದು ವಿಳಾಸ, ಒಳಗೆ ಇನ್ನೊಂದು ಆಗುತ್ತದೆ. ಥಂಡರ್‌ಬರ್ಡ್ ಇದನ್ನು ಕಂಡರೆ ಮೋಸವಿರಬಹುದು ಎಂದು ಎಚ್ಚರಿಸಬಹುದು.

ಬೇರೆ ಕಡೆ ಬರೆದು ಪೇಸ್ಟ್ ಮಾಡಿದರೆ ಏನು ತೊಂದರೆ?

ನನಗೆ ಮರ್ಯಾದೆ ಹೋದದ್ದು ಇದರಿಂದಲೇ. ವರ್ಡ್‌ನಲ್ಲಿ ಮೇಲ್ ಬರೆದು ಜಿಮೇಲ್‌ಗೆ ಅಂಟಿಸಿದೆ. ನಮಸ್ಕಾರದ ನಂತರದ ಹೆಸರನ್ನು ಮಾತ್ರ ಪ್ರತಿ ಸಲ ಅಲ್ಲೇ ಟೈಪ್ ಮಾಡುತ್ತಿದ್ದೆ. ನನ್ನ ಪರದೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಒಬ್ಬರು ಉತ್ತರ ಬರೆದರು: "ಹೆಸರು ಒಂದು ಅಕ್ಷರಶೈಲಿ, ಉಳಿದದ್ದು ಇನ್ನೊಂದು. ಎಷ್ಟು ಜನಕ್ಕೆ ಕಳಿಸಿದ್ದೀರಿ?" ಅಂಟಿಸಿದ ಭಾಗಕ್ಕೆ ವರ್ಡ್‌ನ ಫಾಂಟ್ ಅಂಟಿಕೊಂಡು ಬಂದಿತ್ತು. ಹೆಸರಿಗೆ ಜಿಮೇಲ್‌ನ ಫಾಂಟ್. ಅವರಿಗೆಂದೇ ಬರೆದ ಮಾತೂ ಅಚ್ಚು ಹಾಕಿದ ಪತ್ರದ ಹಾಗೆ ಕಂಡಿತು.

ಪರಿಹಾರ ಸುಲಭ. ಬಹಳಷ್ಟು ಬ್ರೌಸರ್‌ಗಳಲ್ಲಿ `Ctrl+Shift+V` ಒತ್ತಿದರೆ ಬರೀ ಅಕ್ಷರ ಬರುತ್ತದೆ, ವೇಷ ಬರುವುದಿಲ್ಲ. ಮ್ಯಾಕ್‌ನಲ್ಲಿ `Cmd+Shift+V`. ಈಗಾಗಲೇ ಅಂಟಿಸಿದ್ದರೆ ಜಿಮೇಲ್‌ನಲ್ಲಿ ಎಲ್ಲವನ್ನೂ ಆರಿಸಿ `Ctrl+\` ಒತ್ತಿ. ಅದು `Remove formatting` ಬಟನ್‌ನ ಕೆಲಸವನ್ನೇ ಮಾಡುತ್ತದೆ. ಹೆಸರನ್ನು ಎಕ್ಸೆಲ್‌ನಿಂದ ಅಂಟಿಸುವವರಿಗೂ ಇದೇ ಮಾತು.

ಬಣ್ಣವೂ ಹೀಗೇ ಕದ್ದು ಬರುತ್ತದೆ. ಕಪ್ಪು ಅಕ್ಷರವೆಂದು ಒಳಗೆ ಬರೆದಿದ್ದರೆ, ಡಾರ್ಕ್ ಮೋಡ್‌ನಲ್ಲಿ ಓದುವವರಿಗೆ ಕೆಲವು ಆ್ಯಪ್‌ಗಳಲ್ಲಿ ಕಪ್ಪಿನ ಮೇಲೆ ಕಪ್ಪು. ಏನೂ ಕಾಣದು.

ಕೊನೆಯಲ್ಲಿ ಹೆಸರು, ವಿವರ ಎಷ್ಟು ಬರೆಯಬೇಕು?

ಎರಡು ಮೂರು ಸಾಲು. ಹೆಸರು, ಏನು ಕೆಲಸ, ಬೇಕಿದ್ದರೆ ಫೋನ್ ನಂಬರ್. ಅದರ ಮೇಲೆ ಎರಡು ಅಡ್ಡಗೆರೆ ಮತ್ತು ಒಂದು ಖಾಲಿ ಜಾಗ, ಅಂದರೆ `-- `, ಇರುವ ಸಾಲು ಹಾಕುವುದು ಹಳೆಯ ರೂಢಿ. ಥಂಡರ್‌ಬರ್ಡ್‌ನಂಥ ಆ್ಯಪ್‌ಗಳು ಅದರ ಕೆಳಗಿನದ್ದು ಸಹಿ ಎಂದು ಗುರುತಿಸಿ ಉತ್ತರ ಬರೆಯುವಾಗ ತೆಗೆದುಬಿಡುತ್ತವೆ. ಆ ಖಾಲಿ ಜಾಗ ಮರೆತರೆ ಗುರುತಿಸುವುದಿಲ್ಲ.

ಹೀಗೆ ಬರೆದರೆ ಸ್ಪ್ಯಾಮ್‌ಗೆ ಹೋಗುವುದಿಲ್ಲ ತಾನೆ?

ಆ ಭರವಸೆ ಕೊಡಲಾರೆ. ಸರಳ ರೂಪದಿಂದ ಕೆಲವು ಅನುಮಾನಗಳು ಕಡಿಮೆಯಾಗುತ್ತವೆ, ಅಷ್ಟೇ. ನಿಮ್ಮ ಡೊಮೇನ್‌ಗೆ `SPF`, `DKIM`, `DMARC` ಸರಿಯಾಗಿ ಇಲ್ಲದಿದ್ದರೆ ಎಷ್ಟು ಚಂದದ ಪ್ಯಾರಾ ಬರೆದರೂ ಉಪಯೋಗವಿಲ್ಲ. ಇವು ಈ ಮೇಲ್ ನಿಜವಾಗಿಯೂ ನಿಮ್ಮ ಡೊಮೇನ್‌ನಿಂದಲೇ ಬಂದದ್ದೇ ಎಂದು ತೋರಿಸುವ ಏರ್ಪಾಡುಗಳು. ದಿನಕ್ಕೆ 5,000ಕ್ಕೂ ಹೆಚ್ಚು ಮೇಲ್‌ಗಳನ್ನು ಜಿಮೇಲ್ ಖಾತೆಗಳಿಗೆ ಕಳಿಸುವವರಿಗೆ 2024ರ ಫೆಬ್ರವರಿಯಿಂದ ಗೂಗಲ್ ಈ ಮೂರನ್ನೂ ಕಡ್ಡಾಯ ಮಾಡಿದೆ. ಸ್ಪ್ಯಾಮ್ ದೂರು 0.3 ಶೇಕಡಾ ಮುಟ್ಟಬಾರದು ಎಂಬ ನಿಯಮವೂ ಇದೆ. ದಿನಕ್ಕೆ ಹತ್ತು ಮೇಲ್ ಬರೆಯುವ ನನ್ನಂಥವರಿಗೆ ಆ ಲೆಕ್ಕ ದೂರದ್ದು. ಆದರೂ ಇನ್ನೊಂದು ಜಿಮೇಲ್ ಖಾತೆಗೆ ಒಂದು ಮೇಲ್ ಕಳಿಸಿ, ಅಲ್ಲಿ ಬಂದದ್ದರ `Show original` ಪುಟದ ಮೇಲ್ಭಾಗದಲ್ಲಿ ಮೂರರ ಮುಂದೆಯೂ `PASS` ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಕಳಿಸುವ ಮುಂಚೆ ಏನು ನೋಡಬೇಕು?

ನನಗೇ ಒಂದು ಕಳಿಸಿಕೊಳ್ಳುತ್ತೇನೆ, ಬೇರೆ ಕಂಪನಿಯ ಮೇಲ್ ಖಾತೆಗೆ. ಅದನ್ನು ಫೋನಿನಲ್ಲಿ ಡಾರ್ಕ್ ಮೋಡ್ ಹಾಕಿ ತೆರೆಯುತ್ತೇನೆ. ತುಂಡು ಸಾಲು ಇದೆಯಾ, ಹೆಸರು ಬೇರೆ ಫಾಂಟಿನಲ್ಲಿದೆಯಾ, ಅಂತರ ದುಪ್ಪಟ್ಟಾಗಿದೆಯಾ ಎಂದು ನೋಡಲು ಅರ್ಧ ನಿಮಿಷ ಸಾಕು. ಕೊನೆಯ ಪ್ರಶ್ನೆ ತಲುಪಲು ಎಷ್ಟು ಸಲ ಪರದೆ ಮೇಲೆ ಎಳೆಯಬೇಕಾಯಿತು ಎಂದೂ ಎಣಿಸುತ್ತೇನೆ. ಒಂದಕ್ಕಿಂತ ಹೆಚ್ಚಾದರೆ ನನ್ನ ಬಗ್ಗೆ ಹೇಳಿಕೊಂಡ ಪ್ಯಾರಾವನ್ನು ಮೊದಲು ಕತ್ತರಿಸುತ್ತೇನೆ.

ಉತ್ತರ ಬರಲಿಲ್ಲ. ನೆನಪಿಸುವ ಮೇಲ್ ಹೇಗಿರಬೇಕು?

ಹೊಸ ಮೇಲ್ ಬೇಡ. ಹಳೆಯದಕ್ಕೇ ರಿಪ್ಲೈ ಮಾಡಿ, ಮೇಲ್ಗಡೆ ಎರಡು ವಾಕ್ಯ ಬರೆಯಿರಿ. ಮೊದಲ ಮೇಲ್ ಕೆಳಗೆ ತಾನಾಗಿ ಇರುತ್ತದೆ, ಮತ್ತೆ ಹೇಳಬೇಕಿಲ್ಲ. ಒಂದು ವಾರ ಬಿಟ್ಟು ನಾನು ಬರೆಯುವುದು ಇಷ್ಟು: "ಮೇಡಂ, 7ನೇ ವಿಡಿಯೋದ ಮೊದಲ ಮೂರು ನಿಮಿಷ ಮಾಡಿಟ್ಟಿದ್ದೇನೆ. ಕಳಿಸಲೇ?"